ಹಿಂದಿನ ಸೀಟಿನ ಅಕ್ಕನಿಗೆ ವಿಮೆ ಇದೆಯೇ?

ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಗಳಲ್ಲಿ ಸೈಟು ಹಂಚಿಕೆಯಾಗಿ, ಮನೆಗಳಿನ್ನೂ ಏಳದ ರಸ್ತೆಗಳಿರುತ್ತವಲ್ಲ, ಅವು ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಸ್ಕೂಟರ್ ಕಲಿಯುವ ಹೆಂಗಸರವು. ಮೈಸೂರು, ದಾವಣಗೆರೆ, ಹುಬ್ಬಳ್ಳಿಗಳಲ್ಲೂ ಅಷ್ಟೇ. ಮುಂದೆ ಹ್ಯಾಂಡಲ್ ಬಿಗಿಹಿಡಿದು ಉಸಿರು ಕಟ್ಟಿ ಕೂತವರು ಒಬ್ಬರು, ಹಿಂದೆ "ಕೈ ಸಡಿಲ ಬಿಡಿ, ದೂರ ನೋಡಿ, ಚಕ್ರ ನೋಡ್ಬೇಡಿ" ಎನ್ನುತ್ತಾ ಕೂತ ಇನ್ನೊಬ್ಬರು. ಹಿಂದೆ ಕೂತವರನ್ನು ವಯಸ್ಸು ನೋಡದೆ ಎಲ್ಲರೂ ಅಕ್ಕ ಎಂದೋ ಮೇಡಂ ಎಂದೋ ಕರೆಯುತ್ತಾರೆ.

ಈ ಅಕ್ಕಂದಿರಲ್ಲಿ ಹೆಚ್ಚಿನವರು ಡ್ರೈವಿಂಗ್ ಸ್ಕೂಲಿನವರಲ್ಲ. ತಾವು ಚೆನ್ನಾಗಿ ಓಡಿಸುತ್ತಿದ್ದುದನ್ನು ನೋಡಿ ಪಕ್ಕದ ಮನೆಯವರು ಕೇಳಿದರು, ಕಲಿಸಿದರು; ಅವರ ನಾದಿನಿ ಬಂದರು, ಆಮೇಲೆ ಮಗಳ ಶಾಲೆಯ ಗೇಟಿನಲ್ಲಿ ಸಿಕ್ಕ ನಾಲ್ವರು ಬಂದರು. ಹೀಗೆ ಬೆಳೆದ ಕಸುಬು ಇದು. ಫೀಸು ಕೆಲವು ಸಾವಿರ ರೂಪಾಯಿ, ಅವಧಿ ಎರಡು ವಾರದ ಆಸುಪಾಸು. ಗಂಡನ ಹತ್ತಿರವೇ ಕಲಿಯಬಹುದಲ್ಲ ಎಂದರೆ ಕಲಿಯಲು ಬಂದವರು ನಗುತ್ತಾರೆ. ಸ್ಕೂಟರಿಗೆ ಒಂದು ಗೆರೆ ಬಿದ್ದರೂ ವಾರಗಟ್ಟಲೆ ಅದೇ ಮಾತಾಗುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಕಲಿಸುವುದರಲ್ಲಿ ಈ ಅಕ್ಕಂದಿರು ಸಮರ್ಥರೇ. ಆದರೆ ಕಲಿಯುವ ಹೊತ್ತಿನಲ್ಲಿ ಬಿದ್ದರೆ, ಗುದ್ದಿದರೆ, ಯಾರ ಖರ್ಚು ಯಾರ ತಲೆಗೆ ಬರುತ್ತದೆ ಎಂಬುದನ್ನು ಫೀಸು ಕೊಡುವವರೂ ಪಡೆಯುವವರೂ ಮಾತಾಡಿಕೊಂಡಿರುವುದಿಲ್ಲ. "ಇನ್ಶೂರೆನ್ಸ್ ಇದೆ" ಎಂಬಲ್ಲಿಗೆ ಮಾತು ಮುಗಿದಿರುತ್ತದೆ. ಆ ಇನ್ಶೂರೆನ್ಸ್ ಯಾರನ್ನು ಕಾಯುತ್ತದೆ, ಯಾರನ್ನು ಕಾಯುವುದಿಲ್ಲ ಎಂದು ಬಿಡಿಸಿ ನೋಡಿದರೆ ಎಲ್ಲರಿಗಿಂತ ಬರಿಗೈಯಲ್ಲಿ ಉಳಿಯುವವರು ಹಿಂದಿನ ಸೀಟಿನ ಅಕ್ಕನೇ.

ಮೊದಲು ಬೀಳುವುದು ಹೇಗೆ ಎನ್ನುವುದನ್ನು ನೋಡೋಣ. ಗೇರಿಲ್ಲದ ಸ್ಕೂಟರಿನಲ್ಲಿ ಕಲಿಯುವವರು ಬೀಳುವುದು ಬಹುಪಾಲು ವೇಗದಿಂದಲ್ಲ, ಗಾಬರಿಯಿಂದ. ಎದುರಿಗೆ ನಾಯಿ ಬಂತು, ಸ್ಕೂಟರ್ ವಾಲಿತು ಅನ್ನಿ. ಹೆದರಿದ ಕೈ ಸಿಕ್ಕಿದ್ದನ್ನು ಬಿಗಿಹಿಡಿಯುತ್ತದೆ. ಬಲಗೈಯಲ್ಲಿರುವುದು ಆಕ್ಸಿಲರೇಟರ್. ಗಾಡಿ ಮುಂದೆ ಚಿಮ್ಮಿದಾಗ ಮೈ ಹಿಂದಕ್ಕೆ ಹೋಗುತ್ತದೆ, ಮೈ ಹಿಂದಕ್ಕೆ ಹೋದಷ್ಟೂ ಮಣಿಕಟ್ಟು ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತದೆ. ಕಾಲು ನೆಲಕ್ಕೆ ಎಳೆಯುತ್ತಾ, ಬ್ರೇಕು ಮರೆತು, ಕಾಂಪೌಂಡ್ ಗೋಡೆಗೋ ನಿಂತ ಕಾರಿಗೋ ಹೋಗಿ ಗುದ್ದುವುದು ಹೀಗೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಎಂಜಿನ್ನಿನ ಸದ್ದಿನ ಎಚ್ಚರಿಕೆಯೂ ಇಲ್ಲ, ತಿರುಗಿಸಿದ ಕ್ಷಣವೇ ಪೂರ್ತಿ ಎಳೆತ ಬರುತ್ತದೆ. ಅದನ್ನು ಕಡಿಮೆ ವೇಗದ ಮೋಡಿನಲ್ಲಿ ಇಡದೆ ಹೊಸಬರ ಕೈಗೆ ಕೊಡಲೇಬಾರದು.

ಹಾಗಾಗಿ ಅನುಭವವಿರುವ ಅಕ್ಕ ಮೊದಲ ದಿನ ಕೀಲಿಯನ್ನೇ ಹಾಕುವುದಿಲ್ಲ. ನೂರು ಕಿಲೋ ಮೀರಿದ ಗಾಡಿಯನ್ನು ತಳ್ಳುವುದು, ಡಬಲ್ ಸ್ಟ್ಯಾಂಡ್ ಹಾಕುವುದು, ವಾಲಿದಾಗ ಎಲ್ಲಿಯವರೆಗೆ ತಡೆಯಬಹುದು, ಎಲ್ಲಿ ಕೈಬಿಟ್ಟು ಸರಿಯಬೇಕು ಎಂಬುದನ್ನು ತೋರಿಸುತ್ತಾರೆ. ಎರಡೂ ಅಂಗಾಲು ನೆಲಕ್ಕೆ ಊರುತ್ತವೆಯೇ ಎಂದು ನೋಡುತ್ತಾರೆ. ಊರದಿದ್ದರೆ ಆ ಗಾಡಿ ಕಲಿಯಲು ತಕ್ಕುದಲ್ಲ. ಮುಂದೆ ಎಂಜಿನ್ ಆಫ್ ಇಟ್ಟುಕೊಂಡೇ ಸಣ್ಣ ಇಳಿಜಾರಿನಲ್ಲಿ ಕಾಲಿನಿಂದ ನೂಕಿಕೊಂಡು ಸಾಗುವುದು. ಬ್ಯಾಲೆನ್ಸೂ ಬ್ರೇಕೂ ಮೊದಲು, ಆಕ್ಸಿಲರೇಟರ್ ಕೊನೆಗೆ. ಎಂಜಿನ್ ಹಚ್ಚಿದ ಮೇಲೂ ಎಡಗೈ ಬ್ರೇಕಿನ ಮೇಲಿಂದ ಏಳುವಂತಿಲ್ಲ. ಈಚಿನ ಸ್ಕೂಟರುಗಳಲ್ಲಿ ಎಡ ಬ್ರೇಕು ಒತ್ತಿದರೆ ಮುಂದಿನ ಚಕ್ರದ ಬ್ರೇಕೂ ಸ್ವಲ್ಪ ಹಿಡಿಯುವ ವ್ಯವಸ್ಥೆ ಇರುವುದರಿಂದ ಹೊಸಬರಿಗೆ ಅದೊಂದೇ ಲಿವರ್ ಸಾಕು. ಮುಂದಿನ ಬ್ರೇಕನ್ನು ಮಾತ್ರ ಜೋರಾಗಿ ಹಿಡಿದು ತಿರುವಿನಲ್ಲಿ ಜಾರಿ ಬೀಳುವುದು ಇದರಿಂದ ತಪ್ಪುತ್ತದೆ.

ಅಕ್ಕ ಹಿಂದೆ ಹತ್ತಿ ಕೂರುವುದು ಆಮೇಲೆ. ತೊಡಕು ಶುರುವಾಗುವುದೂ ಅಲ್ಲಿಂದಲೇ. ಹಿಂದೆ ಐವತ್ತು ಅರವತ್ತು ಕಿಲೋ ಭಾರ ಬಿದ್ದರೆ ಗಾಡಿಯ ತೂಕ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ, ನಿಧಾನ ವೇಗದಲ್ಲಿ ಓಲಾಡುವುದು ಹೆಚ್ಚುತ್ತದೆ. ಹಿಂದೆ ಕೂತವರ ಕೈ ಮುಂದಿನವರ ಭುಜದ ಮೇಲಿಂದಲೋ ಪಕ್ಕದಿಂದಲೋ ಹ್ಯಾಂಡಲ್ ತಲುಪಬಹುದು, ಆದರೆ ಬ್ರೇಕ್ ಲಿವರನ್ನು ಸರಿಯಾಗಿ ಒತ್ತುವಷ್ಟು ಹಿಡಿತ ಸಿಗುವುದು ಕಷ್ಟ. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರು. ಅಕ್ಕ "ಬ್ರೇಕ್" ಎಂದು ಕೂಗಿ, ಅದು ಮುಂದಿನವರ ಕಿವಿಗೆ ಬಿದ್ದು, ಕೈ ಒತ್ತುವಷ್ಟರಲ್ಲಿ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು ದೂರ ಸಾಗಿಹೋಗಿರುತ್ತದೆ.

ಇಲ್ಲಿ ಕಾನೂನಿಗೂ ನೆಲದ ವಾಸ್ತವಕ್ಕೂ ತಾಳ ತಪ್ಪುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವು ಕಲಿಯುವವರಿಗೆ ಮೂರು ಷರತ್ತು ಹಾಕುತ್ತದೆ. ಕಲಿಯುವವರ ಹತ್ತಿರ ಚಾಲ್ತಿಯಲ್ಲಿರುವ ಲರ್ನರ್ ಲೈಸೆನ್ಸ್, ಅಂದರೆ ಎಲ್‌ಎಲ್, ಇರಬೇಕು. ಡಿಎಲ್ ಇರುವ ಬೋಧಕರು ಜೊತೆಗಿರಬೇಕು ಮತ್ತು ಅವರು ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು. ವಾಹನದ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ಎಲ್ ಬೋರ್ಡ್ ಇರಬೇಕು. ದ್ವಿಚಕ್ರಕ್ಕೆ ಇನ್ನೂ ಒಂದು ಮಾತು ಸೇರಿದೆ: ಬೋಧಕರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ.

ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ಕಾರು ಎಂದು ನನಗನ್ನಿಸುತ್ತದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವರ ಕಾಲಡಿಯೂ ಬ್ರೇಕ್, ಕ್ಲಚ್ ಇರುತ್ತವೆ. ಸ್ಕೂಲಿನ ವಾಹನಗಳಿಗೆ ಈ ಜೋಡಿ ನಿಯಂತ್ರಣ ಕಡ್ಡಾಯ, ಆದರೆ ಮೋಟಾರ್ ಸೈಕಲ್‌ಗೆ ವಿನಾಯಿತಿಯೆಂದು ಅದೇ ನಿಯಮಗಳು ಹೇಳುತ್ತವೆ. ಸ್ಕೂಟರಿನಲ್ಲಿ ಹಿಂದೆ ಕೂತರೂ ನಿಲ್ಲಿಸುವುದು ಕಷ್ಟ. ಇಳಿದು ಪಕ್ಕದಲ್ಲಿ ಓಡುತ್ತಾ ಕಲಿಸಿದರೆ ಕಲಿಯುವವರಿಗೆ ಅದೇ ಎಷ್ಟೋ ಹಗುರ, ಆದರೆ "ಕೂತಿರಬೇಕು" ಎಂಬ ಷರತ್ತು ಮುರಿದುಬೀಳುತ್ತದೆ. ಖಾಲಿ ಬಡಾವಣೆಯ ರಸ್ತೆಯಲ್ಲವೇ, ಯಾರು ನೋಡುತ್ತಾರೆ ಎನ್ನುವಂತಿಲ್ಲ. ಜನರಿಗೆ ಓಡಾಡುವ ಹಕ್ಕಿರುವ ಜಾಗವೆಲ್ಲ ಕಾಯಿದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳ, ಅಲ್ಲಿ ಟ್ರಾಫಿಕ್ ಇರಲಿ ಬಿಡಲಿ.

ಈ 3ನೇ ನಿಯಮವನ್ನು ಇಷ್ಟು ಬಿಡಿಸಿ ಹೇಳಿದ್ದು ದಂಡದ ಭಯಕ್ಕಲ್ಲ. ನಿಮ್ಮ ಸ್ಕೂಟರಿನ ವಿಮಾ ಪಾಲಿಸಿಯನ್ನು ತೆಗೆದು "ಡ್ರೈವರ್ಸ್ ಕ್ಲಾಸ್" ಎಂದಿರುವ ಸಾಲನ್ನು ಓದಿ. ಎಲ್‌ಎಲ್ ಇರುವವರೂ ಈ ವಾಹನವನ್ನು ಓಡಿಸಬಹುದು, ಆದರೆ 3ನೇ ನಿಯಮದ ಷರತ್ತುಗಳನ್ನು ಪಾಲಿಸಿರಬೇಕು ಎಂದು ಅಲ್ಲಿ ಅಚ್ಚಾಗಿರುತ್ತದೆ. ಅಂದರೆ ಎಲ್ ಬೋರ್ಡೂ ಬೋಧಕರ ಡಿಎಲ್ಲೂ ಆರ್‌ಟಿಒ ಕಾಗದಪತ್ರದ ಮಾತಷ್ಟೇ ಅಲ್ಲ, ವಿಮೆಯ ಕರಾರಿನ ಭಾಗ.

ಈಗ ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ಸ್ಕೂಟರ್ ಕೊಂಡು ಎರಡೂವರೆ ವರ್ಷ. ಆರ್‌ಸಿ ಗಂಡನ ಹೆಸರಿನಲ್ಲಿದೆ. ಹೆಂಡತಿ ಎಲ್‌ಎಲ್ ಮಾಡಿಸಿ, ಫೀಸು ಕೊಟ್ಟು, ಅಕ್ಕನೊಬ್ಬರ ಹತ್ತಿರ ಇದೇ ಸ್ಕೂಟರಿನಲ್ಲಿ ಕಲಿಯುತ್ತಿದ್ದಾರೆ. ಎಲ್ ಬೋರ್ಡ್ ಇದೆ, ಅಕ್ಕ ಹಿಂದೆ ಕೂತಿದ್ದಾರೆ, ಅವರ ಡಿಎಲ್ ಚಾಲ್ತಿಯಲ್ಲಿದೆ. ಪಾರ್ಕಿನ ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ತಿರುಗಿ, ವಾಕಿಂಗಿಗೆ ಬಂದ ಹಿರಿಯರೊಬ್ಬರಿಗೆ ಗಾಡಿ ಗುದ್ದಿ, ಮೂವರೂ ಬೀಳುತ್ತಾರೆ. ಹಿರಿಯರ ಕಾಲು ಮುರಿದಿದೆ, ಕಲಿಯುವವರ ಮಣಿಕಟ್ಟು ಮುರಿದಿದೆ, ಅಕ್ಕನ ಸೊಂಟಕ್ಕೆ ಪೆಟ್ಟು ಬಿದ್ದಿದೆ, ಸ್ಕೂಟರಿನ ಮುಂಭಾಗ ಪುಡಿಯಾಗಿದೆ.

ಮೊದಲು ಪಾಲಿಸಿ ಯಾವುದೆಂದು ನೋಡಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ಸ್ವಂತ ಗಾಡಿಯ ಹಾನಿಗಿರುವ ಭಾಗವನ್ನು ಬಹಳ ಕಡೆ ಒಂದೇ ವರ್ಷಕ್ಕೆ ಸೇರಿಸಿರುತ್ತಾರೆ. ವರ್ಷ ಕಳೆದ ಮೇಲೆ ಅದು ಮುಗಿದದ್ದು ಮನೆಯವರ ಗಮನಕ್ಕೇ ಬಂದಿರುವುದಿಲ್ಲ. ಪಾಲಿಸಿಯಲ್ಲಿ ಐದು ವರ್ಷ ಎಂದು ದಪ್ಪಗೆ ಬರೆದಿರುತ್ತದಲ್ಲ! ನಮ್ಮ ಉದಾಹರಣೆಯ ಸ್ಕೂಟರಿನದೂ ಇದೇ ಕಥೆ ಎಂದಿಟ್ಟುಕೊಳ್ಳಿ. ಹಾಗಾದರೆ ಸ್ಕೂಟರಿನ ರಿಪೇರಿ ಪೂರ್ತಿ ಮನೆಯವರ ಜೇಬಿನಿಂದಲೇ.

ಗುದ್ದಿಸಿಕೊಂಡ ಹಿರಿಯರ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಥರ್ಡ್ ಪಾರ್ಟಿ ವಿಮೆ ಇರುವುದೇ ಅಂಥವರಿಗಾಗಿ. ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗುತ್ತದೆ. ಎಲ್‌ಎಲ್ ಕೂಡ ಲೈಸೆನ್ಸೇ ಎಂದು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್‌ಎಲ್ಲೂ ಇಲ್ಲದೆ ಓಡಿಸುತ್ತಿದ್ದರೆ? ಆ ತೀರ್ಪು ತೋರಿಸಿದ ದಾರಿಯಲ್ಲಿ, ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಅದನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. ಇಲ್ಲಿ ಮಾಲೀಕರೆಂದರೆ ಗಂಡ. ಅದರ ಮೇಲೆ, ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟದ್ದಕ್ಕೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಇನ್ನು ಮಣಿಕಟ್ಟು ಮುರಿದುಕೊಂಡ ಕಲಿಯುವವರು. ತಾನು ಓಡಿಸುತ್ತಿದ್ದ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ ತನಗೇ ಪರಿಹಾರ ಸಿಗುವುದಿಲ್ಲ. ಇದಕ್ಕೆ ನಮ್ಮ ಕಡೆಯದೇ ಒಂದು ಪ್ರಕರಣ ದೇಶಕ್ಕೆಲ್ಲ ಮಾದರಿಯಾಗಿದೆ. ಇಳಕಲ್ಲಿನಿಂದ ಬೇರೆಯವರ ಬೈಕ್ ಪಡೆದು ಊರಿಗೆ ಹೊರಟ ಒಬ್ಬರು, ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಾಗ ಅದಕ್ಕೆ ಬಡಿದು ತೀರಿಕೊಂಡರು. ಅವರ ಮನೆಯವರು ಹೂಡಿದ ದಾವೆ 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಗಾಡಿಯನ್ನು ಕೇಳಿ ಪಡೆದು ಓಡಿಸುವವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಹಾಗಾಗಿ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಕಲಮಿನಡಿ ಅದೇ ಗಾಡಿಯ ವಿಮೆಯಿಂದ ಕೇಳುವಂತಿಲ್ಲ ಎಂದು ಕೋರ್ಟ್ ಹೇಳಿತು. ಗಂಡನ ಸ್ಕೂಟರ್ ಓಡಿಸುವ ಹೆಂಡತಿಗೂ ಈ ಮಾತು ಅನ್ವಯಿಸುತ್ತದೆ.

"ಹದಿನೈದು ಲಕ್ಷದ ಆಕ್ಸಿಡೆಂಟ್ ಕವರ್ ಇದೆಯಲ್ಲ" ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ಅದು ಮಾಲೀಕ-ಚಾಲಕರಿಗೆ ಮಾತ್ರ. ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಹೆಸರಿದ್ದು, ಲೈಸೆನ್ಸ್ ಇರುವವರಿಗೆ. ಆರ್‌ಸಿ ಗಂಡನ ಹೆಸರಿನಲ್ಲಿದ್ದರೆ ಹೆಂಡತಿ ಎಷ್ಟೇ ನಿಯಮ ಪಾಲಿಸಿದ್ದರೂ ಆ ಹದಿನೈದು ಲಕ್ಷ ಅವರ ಪಾಲಿಗಿಲ್ಲ. ಗಾಡಿ ಅವರ ಹೆಸರಿನಲ್ಲೇ ಇದ್ದರೂ ಮುರಿದ ಮಣಿಕಟ್ಟಿಗೆ ಅದರಿಂದ ಏನೂ ಬರುವುದಿಲ್ಲ. ಸಾವು, ಕೈಕಾಲು ಅಥವಾ ಕಣ್ಣು ಕಳೆದುಕೊಳ್ಳುವುದು, ಶಾಶ್ವತ ಪೂರ್ಣ ಅಂಗವಿಕಲತೆ, ಇಷ್ಟಕ್ಕೆ ಆ ಹಣ. ಪ್ಲಾಸ್ಟರು, ಪ್ಲೇಟು, ಸ್ಕ್ರೂಗಳ ಖರ್ಚು ಬರಬೇಕಾದದ್ದು ಮನೆಯ ಆರೋಗ್ಯ ವಿಮೆಯಿಂದ. ಸ್ಕೂಟರ್ ಹೆಂಡತಿಗೆಂದೇ ಕೊಳ್ಳುವುದಾದರೆ ಆರ್‌ಸಿಯನ್ನೂ ಅವರ ಹೆಸರಿನಲ್ಲೇ ಮಾಡಿಸಿ ಎಂದು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಉಳಿದವರು ಅಕ್ಕ. ಕಾನೂನಿನ ಲೆಕ್ಕದಲ್ಲಿ ಅವರು ಹಿಂಬದಿ ಸವಾರರು. ಬರೀ ಥರ್ಡ್ ಪಾರ್ಟಿ ಪಾಲಿಸಿಯ ದ್ವಿಚಕ್ರದಲ್ಲಿ ಸುಮ್ಮನೆ ಹಿಂದೆ ಕೂತು ಹೋಗುವವರ ಹೊಣೆ ವಿಮಾ ಕಂಪನಿಯದಲ್ಲ ಎಂದು 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಸ್ವಂತ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿಯಾದರೆ ಹಿಂಬದಿ ಸವಾರರಿಗೂ ರಕ್ಷಣೆಯಿದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಕಂಪನಿಗಳಿಗೆ ಸ್ಪಷ್ಟಪಡಿಸಿದೆ. ಅಂದರೆ ಎರಡನೇ ವರ್ಷ ಕೆಲವು ನೂರು ಅಥವಾ ಸಾವಿರದಷ್ಟು ಪ್ರೀಮಿಯಂ ಕಟ್ಟದೆ ಬಿಟ್ಟದ್ದು ಬರೀ ಸ್ಕೂಟರಿನ ಮುಂಭಾಗದ ನಷ್ಟವಲ್ಲ. ಹಿಂದೆ ಕೂತವರ ರಕ್ಷಣೆಯೂ ಅದರ ಜೊತೆಗೇ ಹೋಯಿತು. ನಮ್ಮ ಉದಾಹರಣೆಯಲ್ಲಿ ಅಕ್ಕ ಪರಿಹಾರ ಕೇಳಬೇಕೆಂದರೆ ತನ್ನ ಶಿಷ್ಯೆಯ ಮೇಲೂ ಆಕೆಯ ಗಂಡನ ಮೇಲೂ ದಾವೆ ಹೂಡಬೇಕು. ಯಾವ ಅಕ್ಕ ತಾನೇ ಹೂಡುತ್ತಾರೆ? ಹೂಡಿದರೆ ಆ ಬೀದಿಯಲ್ಲಿ ಮತ್ತೆ ಯಾರು ಕಲಿಯಲು ಬರುತ್ತಾರೆ? ಸೊಂಟ ಸರಿಹೋಗುವವರೆಗೆ ದಿನದ ಸಂಪಾದನೆ ನಿಲ್ಲುವುದು ಬೇರೆ. ಹೀಗಾಗಿ ಈ ಕಸುಬಿಗೆ ಇಳಿಯುವವರು ಮೊದಲು ಮಾಡಿಸಬೇಕಾದದ್ದು ತಮ್ಮ ಹೆಸರಿನಲ್ಲೇ ಇರುವ ವೈಯಕ್ತಿಕ ಅಪಘಾತ ಪಾಲಿಸಿ. ಅದು ಯಾವ ಗಾಡಿಗೂ ಅಂಟಿಕೊಂಡಿರುವುದಿಲ್ಲ. ಮಾಡಿಸುವಾಗ ಉದ್ಯೋಗದ ಕಾಲಮಿನಲ್ಲಿ ಗೃಹಿಣಿ ಎಂದು ಬರೆಸದೆ, ವಾಹನ ಕಲಿಸುತ್ತೇನೆ ಎಂದೇ ಬರೆಸಬೇಕು. ಮಲಗಿದ ವಾರಗಳಿಗೆ ಇಂತಿಷ್ಟು ಎಂದು ಹಣ ಬರುವ ಭಾಗವೂ ಅದರಲ್ಲಿದೆಯೇ ಎಂದು ಕೇಳಬೇಕು.

ಅಕ್ಕ ತನ್ನದೇ ಸ್ಕೂಟರಿನಲ್ಲಿ ಕಲಿಸುತ್ತಿದ್ದರೆ ಕಥೆ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಖಾಸಗಿ ದ್ವಿಚಕ್ರದ ಪಾಲಿಸಿ ಬಾಡಿಗೆಗಾಗಲಿ ಪ್ರತಿಫಲಕ್ಕಾಗಲಿ ಬಳಸುವುದನ್ನು ಹೊರಗಿಡುತ್ತದೆ. ವಿಮೆಯ ಅರ್ಜಿಯಲ್ಲಿ "ಚಾಲನೆ ಕಲಿಸಲು ಬಳಸುತ್ತೀರಾ" ಎಂಬ ಪ್ರಶ್ನೆಯೇ ಇರುತ್ತದೆ. ಏಜೆಂಟರು ತಾವೇ "ಇಲ್ಲ" ಎಂದು ಗುರುತು ಹಾಕಿಬಿಡುವುದುಂಟು, ಆನ್‌ಲೈನಿನಲ್ಲಿ ಮಾಡಿಸುವವರು ಓದದೆ ಮುಂದೆ ಹೋಗುವುದುಂಟು. ಹೌದು ಎಂದರೆ ಪ್ರೀಮಿಯಂ ಏರುತ್ತದೆ, ನಿಜ. ಇಲ್ಲ ಎಂದು ಹೇಳಿ ಕಲಿಸುತ್ತಿದ್ದು, ಕ್ಲೇಮಿನ ಸರ್ವೇಯರ್ ಬಂದಾಗ "ಫೀಸು ಕೊಟ್ಟು ಕಲೀತಿದ್ದೆ" ಎಂದು ಶಿಷ್ಯೆ ಮುಗ್ಧವಾಗಿ ಹೇಳಿದರೆ, ರಿಪೇರಿಯ ಕ್ಲೇಮು ತಿರಸ್ಕರಿಸಲು ಅಷ್ಟೇ ಸಾಕು. ಶಿಷ್ಯೆಯ ಮನೆಯ ಗಾಡಿಯಲ್ಲೇ ಕಲಿಸುವುದಾದರೆ ಈ ತಕರಾರು ಅಷ್ಟಾಗಿ ಏಳುವುದಿಲ್ಲ. ಗಾಡಿಯ ಬಳಕೆ ಮನೆಯವರದೇ, ಹಣ ಕೊಟ್ಟದ್ದು ಪಾಠಕ್ಕೆ. ನನ್ನ ಕೇಳಿದರೆ ಮೊದಲ ಕೆಲವು ದಿನಗಳ ನೂಕಾಟವನ್ನು ಯಾವ ಗಾಡಿಯಲ್ಲಾದರೂ ಮಾಡಿ, ರಸ್ತೆಗೆ ಇಳಿಯುವುದನ್ನು ಮಾತ್ರ ಕಲಿಯುವವರ ಸ್ವಂತ ಗಾಡಿಯಲ್ಲಿ, ಪ್ಯಾಕೇಜ್ ಪಾಲಿಸಿ ಚಾಲ್ತಿಯಲ್ಲಿದೆಯೆಂದು ನೋಡಿಕೊಂಡೇ ಮಾಡಬೇಕು.

ಕೆಲವರು "ಏನಾದರೂ ಆದರೆ ನಾನೇ ಹೊಣೆ" ಎಂದು ಶಿಷ್ಯೆಯಿಂದ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಅವರಿಬ್ಬರ ನಡುವಿನ ಮಾತು. ವಾಕಿಂಗಿಗೆ ಬಂದ ಹಿರಿಯರು ಆ ಕಾಗದಕ್ಕೆ ಸಹಿ ಹಾಕಿಲ್ಲ, ಅವರ ಹಕ್ಕನ್ನು ಅದು ಮುಟ್ಟುವುದೂ ಇಲ್ಲ.

ಕಾರಿನ ವಿಷಯ ಇಷ್ಟು ಜಟಿಲವಲ್ಲ. ಸ್ಕೂಲಿನ ಕಾರಿನಲ್ಲಿ ಜೋಡಿ ಬ್ರೇಕಿದೆ, ಪಾಲಿಸಿಯಲ್ಲಿ ಕಲಿಕೆಯ ಬಳಕೆ ನಮೂದಾಗಿದೆಯೇ ಎಂದು ಒಮ್ಮೆ ಕೇಳಿ ನೋಡಿದರಾಯಿತು. ಅಪಾಯವಿರುವುದು "ಮನೆಗೇ ಬಂದು ನಿಮ್ಮ ಕಾರಿನಲ್ಲೇ ಕಲಿಸುತ್ತೇವೆ" ಎನ್ನುವವರ ಹತ್ತಿರ. ಅಲ್ಲಿ ಪಕ್ಕದವರ ಕೈಗೆ ಸಿಗುವುದು ಹ್ಯಾಂಡ್‌ಬ್ರೇಕ್ ಒಂದೇ. ಈಗಿನ ಕೆಲವು ಕಾರುಗಳಲ್ಲಿ ಆ ಲಿವರೂ ಇಲ್ಲ, ಬರೀ ಒಂದು ಬಟನ್.

ಹಾಗಾದರೆ ಅಕ್ಕಂದಿರು ಸ್ಕೂಲಿನ ಲೈಸೆನ್ಸನ್ನೇ ಯಾಕೆ ಪಡೆಯಬಾರದು? ಪ್ರತಿಫಲ ಪಡೆದು ಚಾಲನೆ ಕಲಿಸುವ ಯಾವ ಸಂಸ್ಥೆಗೂ ಫಾರ್ಮ್ 11ರ ಲೈಸೆನ್ಸ್ ಬೇಕೆಂದು 24ನೇ ನಿಯಮ ಹೇಳುತ್ತದೆ. ಒಬ್ಬರೇ ಕಲಿಸುತ್ತೇವೆ ಎಂಬುದಕ್ಕೆ ಅಲ್ಲಿ ಬೇರೆ ವಿನಾಯಿತಿಯಿಲ್ಲ. ಅದನ್ನು ಪಡೆಯಲು ಕಲಿಸುವವರು ಹತ್ತನೇ ತರಗತಿ ಪಾಸಾಗಿ, ಐದು ವರ್ಷ ಓಡಿಸಿದ ಅನುಭವದ ಜೊತೆಗೆ ಮೋಟಾರು ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರ ಹೊಂದಿರಬೇಕು. ಪಾಠಕ್ಕೆ ಜಾಗ, ಬೋರ್ಡು, ಟ್ರಾಫಿಕ್ ಚಿಹ್ನೆಗಳ ಚಾರ್ಟು, ಎಂಜಿನ್ ಭಾಗಗಳ ಮಾದರಿ ಇರಬೇಕು. ವಾಹನವನ್ನು ಕಲಿಕೆಗೆಂದೇ ಮೀಸಲಿಡಬೇಕು, ಬೆಳಿಗ್ಗೆ ಪಾಠ ಮಾಡಿ ಸಂಜೆ ಅದರಲ್ಲೇ ಮಾರ್ಕೆಟ್ಟಿಗೆ ಹೋಗುವಂತಿಲ್ಲ. ಕಲಿಯುವವರ ರಿಜಿಸ್ಟರ್ ಇಡಬೇಕು. ಖಾಸಗಿ ವಾಹನದ ಪಾಠ ಕನಿಷ್ಠ 21 ದಿನಗಳಲ್ಲಿ ಹರಡಿರಬೇಕು, ಅದರಲ್ಲಿ ಹತ್ತು ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿರಬೇಕು.

ಬೆಳಿಗ್ಗೆ ಎರಡು ಗಂಟೆ ಸ್ಕೂಟರ್ ಕಲಿಸಿ ಮನೆಗೆಲಸಕ್ಕೆ ಮರಳುವ ಹೆಂಗಸಿಗೆ ಮೆಕ್ಯಾನಿಕ್ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಗೇರಿಲ್ಲದ ಸ್ಕೂಟರನ್ನು ಮಾತ್ರ ಕಲಿಸುವವರಿಗೆ ಚಿಕ್ಕದೊಂದು ಪರವಾನಗಿ, ಕಡ್ಡಾಯ ಅಪಘಾತ ವಿಮೆ, ಮೈದಾನದಲ್ಲಿ ಪಕ್ಕದಲ್ಲಿ ನಡೆದೇ ಕಲಿಸಲು ಅವಕಾಶ, ಇಷ್ಟನ್ನು ಸಾರಿಗೆ ಇಲಾಖೆ ಯೋಚಿಸಿದರೆ ಈಗ ಕತ್ತಲಲ್ಲಿ ನಡೆಯುತ್ತಿರುವ ಕಸುಬು ಬೆಳಕಿಗೆ ಬರುತ್ತದೆ. ಅಲ್ಲಿಯವರೆಗೆ ಎಲ್‌ಎಲ್ ಇಲ್ಲದವರನ್ನು ಸ್ಕೂಟರ್ ಹತ್ತಿಸದಿರುವುದು ಅಕ್ಕಂದಿರ ಕೈಯಲ್ಲೇ ಇದೆ. ಸಾರಥಿ ಪೋರ್ಟಲಿನಲ್ಲಿ ಆಧಾರ್ ಮೂಲಕ ಮನೆಯಲ್ಲೇ ಪರೀಕ್ಷೆ ಬರೆದು ಎಲ್‌ಎಲ್ ಪಡೆಯಬಹುದು. ಅದಕ್ಕೆ ಆರು ತಿಂಗಳ ಅವಧಿಯಿದೆ, ಮೂವತ್ತು ದಿನ ಕಳೆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. "ಮೊದಲು ಕಲಿತು ಬಿಡ್ತೀನಿ, ಆಮೇಲೆ ಎಲ್‌ಎಲ್ ಮಾಡಿಸ್ತೀನಿ" ಎನ್ನುವವರಿಗೆ ಹೇಳಬೇಕಾದ ಉತ್ತರ ಒಂದೇ: ಕಲಿಯುವುದಕ್ಕೇ ಅದು ಬೇಕಾದದ್ದು, ಕಲಿತ ಮೇಲೆ ಬೇಕಾದದ್ದು ಡಿಎಲ್.